ಹಂಪಿ–ಬಾದಾಮಿ ಪ್ರವಾಸ: ಎಲ್ಲಿ ಕೈಬಿಚ್ಚಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು

ಬೆಂಗಳೂರಿನ ಒಂದು ಕುಟುಂಬವನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಗಂಡ, ಹೆಂಡತಿ, 12 ವರ್ಷದ ಮಗಳು, 68 ವರ್ಷದ ಅಜ್ಜಿ. ಹಂಪಿ ಮತ್ತು ಬಾದಾಮಿ ಎರಡನ್ನೂ ನೋಡುವ ಆಸೆ. ಕೈಯಲ್ಲಿರುವುದು 45,000 ರೂಪಾಯಿ. ಧರ್ಮಶಾಲೆಯಲ್ಲಿ ಮಲಗಿ ಬರಬೇಕಾದ ಮೊತ್ತ ಇದಲ್ಲ, ಐಷಾರಾಮಿ ರೆಸಾರ್ಟಿನಲ್ಲಿ ಮೂರು ದಿನ ಕಳೆಯುವ ಮೊತ್ತವೂ ಅಲ್ಲ. ನಡುವಿನ ಈ ಬಜೆಟ್ಟಿನಲ್ಲಿ ಹಣ ಪೋಲಾಗುವ ರೀತಿಯೇ ಬೇರೆ. ಒಂದೇ ಕಡೆ ದೊಡ್ಡದಾಗಿ ಕೈ ಜಾರುವುದಿಲ್ಲ. ಎಲ್ಲದಕ್ಕೂ ‘ಇರಲಿ, ಸ್ವಲ್ಪ ಚೆನ್ನಾಗಿರಲಿ’ ಎಂದು ಒಂದಿಷ್ಟು ಹೆಚ್ಚು ಕೊಡುತ್ತಾ ಹೋಗಿ, ಕೊನೆಗೆ ಯಾವುದೂ ವಿಶೇಷವಾಗಿ ಉಳಿಯುವುದಿಲ್ಲ.

ಹಂಪಿಯ ಮಟ್ಟಿಗೆ ನನ್ನ ನಿಲುವು ಸ್ಪಷ್ಟ. ಅಲ್ಲಿ ಮನಸ್ಸಿನಲ್ಲಿ ಉಳಿಯುವ ನೋಟಗಳಲ್ಲಿ ಬಹುಪಾಲಿಗೆ ಟಿಕೆಟ್ಟೇ ಇಲ್ಲ. ಮಾತಂಗ ಪರ್ವತದ ಸೂರ್ಯೋದಯ, ಹೇಮಕೂಟದ ಬಂಡೆಯ ಮೇಲಿನ ಸಂಜೆ, ಹೊಳೆದಂಡೆಯ ಕಾಲುಹಾದಿ ಎಲ್ಲವೂ ಉಚಿತ. ಟಿಕೆಟ್ ಇರುವ ವಿಠ್ಠಲ ದೇವಸ್ಥಾನಕ್ಕೂ ಭಾರತೀಯರಿಗೆ 40 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಏನೂ ಇಲ್ಲ. ಹಾಗಾದರೆ ಹಣ ಕೊಟ್ಟು ಪಡೆಯಬೇಕಾದದ್ದು ಎರಡೇ: ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಇರುವ ಅನುಕೂಲ, ಮತ್ತು ನೋಡುತ್ತಿರುವುದು ಏನೆಂದು ತಿಳಿಸುವ ಮನುಷ್ಯ. ಉಳಿದುದರಲ್ಲೆಲ್ಲ ಉಳಿತಾಯ ಮಾಡಬಹುದು.

ಮುಂದೆ ಕೊಟ್ಟಿರುವ ದರಗಳು ಯೋಜನೆಗೆಂದು ಹಾಕಿಕೊಂಡ ಅಂದಾಜುಗಳು. ತಿಂಗಳು, ವಾರದ ದಿನ, ಚೌಕಾಸಿ ನೋಡಿಕೊಂಡು ಇವು ಏರಿಳಿಯುತ್ತವೆ. ಒಂದರ ಎದುರು ಇನ್ನೊಂದನ್ನು ಇಟ್ಟು ತೂಗುವುದಕ್ಕೆ ಇಷ್ಟು ಸಾಕು.

ಕೋಣೆ ಎಲ್ಲಿರಬೇಕು

ಹಂಪಿಯಲ್ಲಿ ಕೋಣೆ ಬಹಳ ಬೇಕಾಗುವುದು ರಾತ್ರಿಯಲ್ಲ, ನಡುಹಗಲಿನಲ್ಲಿ. ಬಂಡೆಗಳ ಊರು ಅದು. ಹನ್ನೊಂದೂವರೆಯ ಹೊತ್ತಿಗೆ ಕಲ್ಲು ಕಾದು, ಕೆಳಗಿನಿಂದಲೂ ಮೇಲಿನಿಂದಲೂ ಬಿಸಿ ಹೊಡೆಯತೊಡಗುತ್ತದೆ. ಡಿಸೆಂಬರಿನಲ್ಲೂ ಮಧ್ಯಾಹ್ನದ ಬಿಸಿಲಿನಲ್ಲಿ ಅಜ್ಜಿಯನ್ನೂ ಮಗುವನ್ನೂ ಕರೆದುಕೊಂಡು ಅರಮನೆ ಆವರಣದ ಬಯಲಿನಲ್ಲಿ ಸುತ್ತುವುದು ಕಷ್ಟ; ಮಾರ್ಚ್ ನಂತರವಂತೂ ಆಗದ ಮಾತು. ಹಂಪಿಯ ದಿನವೆಂದರೆ ಬೆಳಗಿನ ಆರರಿಂದ ಹನ್ನೊಂದೂವರೆ, ಮತ್ತೆ ಸಂಜೆ ಮೂರೂವರೆಯಿಂದ ಕತ್ತಲಾಗುವವರೆಗೆ. ನಡುವಿನ ನಾಲ್ಕು ತಾಸು ಊಟ ಮಾಡಿ ಕಾಲು ಚಾಚುವುದಕ್ಕೆ ಮೀಸಲು. ಹೀಗೆ ದಿನವನ್ನು ಎರಡಾಗಿ ಮುರಿಯಲು ಆಗುವಷ್ಟು ಹತ್ತಿರದಲ್ಲಿ ಕೋಣೆ ಇದೆಯೇ ಎಂಬುದೇ ಕೋಣೆಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ.

ಆಯ್ಕೆಗಳು ನಾಲ್ಕು. ಹೊಸಪೇಟೆಯಲ್ಲಿ ಹೋಟೆಲುಗಳು ಬೇಕಾದಷ್ಟಿವೆ. ಎ.ಸಿ., ಲಿಫ್ಟ್, ಕೆಳಗೇ ಉಪಾಹಾರ ಮಂದಿರ ಎಲ್ಲವೂ ಸಿಗುತ್ತವೆ, ದರವೂ ಕಡಿಮೆ. ಆದರೆ ಅಲ್ಲಿಂದ ಹಂಪಿ ಸುಮಾರು 13 ಕಿ.ಮೀ. ಎರಡನೆಯದು ಕಮಲಾಪುರ. ವಸ್ತುಸಂಗ್ರಹಾಲಯವಿರುವ ಈ ಊರು ಅರಮನೆ ಆವರಣಕ್ಕೆ ಅಂಟಿಕೊಂಡಂತೆಯೇ ಇದೆ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಭುವನೇಶ್ವರಿಯೂ ಕೆಲವು ಖಾಸಗಿ ವಸತಿಗಳೂ ಇಲ್ಲಿವೆ. ಮೂರನೆಯದು ವಿರೂಪಾಕ್ಷ ದೇವಸ್ಥಾನದ ಬಳಿಯ ಹಂಪಿ ಊರಿನೊಳಗಿನ ಚಿಕ್ಕ ಚಿಕ್ಕ ಮನೆವಸತಿಗಳು. ನಾಲ್ಕನೆಯದು ಹೊಳೆಯಾಚೆಯ ಆನೆಗೊಂದಿ, ಸಣಾಪುರ ಕಡೆಯವು.

ಹೊಳೆಯಾಚೆಯ ನೋಟ ಸುಂದರ. ಭತ್ತದ ಗದ್ದೆ, ತೆಂಗು, ಹಿಂದೆ ಬಂಡೆಗಳ ಸಾಲು. ಆದರೆ ನೋಡಬೇಕಾದ ಸ್ಮಾರಕಗಳಲ್ಲಿ ಹೆಚ್ಚಿನವು ಈಚೆ ದಡದಲ್ಲಿವೆ. ದೋಣಿ ಓಡುವುದು ಹಗಲು ಹೊತ್ತಿನಲ್ಲಿ ಮಾತ್ರ, ಹೊಳೆ ತುಂಬಿದರೆ ಅದೂ ಇಲ್ಲ. ಆಗ ರಸ್ತೆಯಲ್ಲಿ ದೂರ ಸುತ್ತಿ ಬರಬೇಕು. ಎರಡನೆಯ ಸಲ ಹಂಪಿಗೆ ಹೋಗುವವರಿಗೆ, ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ಉತ್ಸಾಹವಿರುವ ಗೆಳೆಯರ ಗುಂಪಿಗೆ ಅದು ಒಳ್ಳೆಯ ಜಾಗ. ಮೊದಲ ಸಲ ಅಜ್ಜಿಯನ್ನು ಕರೆದುಕೊಂಡು ಹೋಗುವವರಿಗೆ ಅಲ್ಲ. ಹಂಪಿ ಊರಿನ ಮನೆವಸತಿಗಳು ಅಗ್ಗ, ದೇವಸ್ಥಾನಕ್ಕೆ ಎರಡು ಹೆಜ್ಜೆ. ಆದರೆ ಕೋಣೆಗಳು ಕಿರಿದು, ಮೆಟ್ಟಿಲುಗಳು ಕಡಿದು. ಇಬ್ಬರೇ ಹೋಗುವವರಾದರೆ ನಾನು ಅದನ್ನೇ ಹೇಳುತ್ತಿದ್ದೆ.

ಈ ಕುಟುಂಬಕ್ಕೆ ಉಳಿಯುವುದು ಹೊಸಪೇಟೆ ಮತ್ತು ಕಮಲಾಪುರ. ಹೊಸಪೇಟೆಯಲ್ಲಿ ಎರಡು ಕೋಣೆಗೆ ದಿನಕ್ಕೆ 4,000 ಎಂದುಕೊಳ್ಳಿ, ಕಮಲಾಪುರದಲ್ಲಿ 6,000. ಎರಡು ರಾತ್ರಿಗೆ ವ್ಯತ್ಯಾಸ 4,000 ರೂಪಾಯಿ. ಬಹಳ ಜನ ಇಲ್ಲಿಗೆ ಲೆಕ್ಕ ನಿಲ್ಲಿಸಿ ಹೊಸಪೇಟೆಗೆ ಹೋಗುತ್ತಾರೆ. ಲೆಕ್ಕ ಇನ್ನೂ ಮುಗಿದಿಲ್ಲ. ಮಧ್ಯಾಹ್ನ ಕೋಣೆಗೆ ಬಂದು ಮತ್ತೆ ಹೋಗಬೇಕಾದರೆ ಹೊಸಪೇಟೆಯಿಂದ ದಿನಕ್ಕೆ ಎರಡು ಸಲ ಹೋಗಿ ಬರಬೇಕು. ಕಮಲಾಪುರದಿಂದ ದಿನದ ಆಟೊ 1,500ಕ್ಕೆ ಒಪ್ಪಿದರೆ ಹೊಸಪೇಟೆಯಿಂದ 2,500 ಕೇಳುತ್ತಾರೆ. ಅಲ್ಲಿಗೆ ಎರಡು ದಿನದಲ್ಲಿ 2,000 ಹಿಂದಕ್ಕೆ ಬಂತು, ನಿಜವಾದ ವ್ಯತ್ಯಾಸ 2,000 ಮಾತ್ರ. ಅದಕ್ಕೆ ಪ್ರತಿಯಾಗಿ ದಿನಕ್ಕೆ ಒಂದೂವರೆ ಎರಡು ತಾಸು ಉಳಿಯುತ್ತದೆ, ಬೆಳಿಗ್ಗೆ ಐದಕ್ಕೆ ಏಳಬೇಕಾದವರು ಐದೂವರೆಗೆ ಎದ್ದರೆ ಸಾಕಾಗುತ್ತದೆ. ಹೊಸಪೇಟೆಯಲ್ಲಿ ಉಳಿದವರು ಮಧ್ಯಾಹ್ನ ಅಷ್ಟು ದೂರ ಯಾಕೆ ಹೋಗಿ ಬರುವುದೆಂದು ಬಿಸಿಲಿನಲ್ಲೇ ಸುತ್ತಿ, ನಾಲ್ಕು ಗಂಟೆಗೆ ಸುಸ್ತಾಗಿ, ಸಂಜೆಯನ್ನು ಬಿಟ್ಟು ಹೊರಟುಬಿಡುತ್ತಾರೆ. ಹೇಮಕೂಟದ ಸಂಜೆ ತಪ್ಪುವುದು ಹೀಗೆ. ಆದ್ದರಿಂದ ಇಲ್ಲಿ ಹಣ ಹಾಕಿ: ಕೋಣೆಯ ಅಂದಕ್ಕಲ್ಲ, ಕೋಣೆ ಇರುವ ಜಾಗಕ್ಕೆ.

ಐಷಾರಾಮಿ ರೆಸಾರ್ಟ್ ಒಂದು ರಾತ್ರಿಗಾದರೂ ಇರಲಿ ಎನ್ನುವವರಿದ್ದಾರೆ. ಅದು ತಪ್ಪಲ್ಲ, ಆದರೆ ಹೊತ್ತು ನೋಡಿ ಇಡಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಹೊರಗೆ ಸುತ್ತುವ ದಿನ ಅಲ್ಲಿದ್ದರೆ ಆ ಹಣಕ್ಕೆ ಸಿಗುವುದು ಒಂದು ನಿದ್ದೆ ಮಾತ್ರ. ಮಧ್ಯಾಹ್ನ ಎರಡಕ್ಕೆ ಒಳಗೆ ಹೋಗಿ, ಮರುದಿನ ಹನ್ನೊಂದರವರೆಗೆ ಹೊರಗೆ ಕಾಲಿಡುವುದಿಲ್ಲ ಎಂಬ ಯೋಜನೆ ಇದ್ದರೆ ಮಾತ್ರ ಕೊಡಿ. ನಮ್ಮ 45,000ದಲ್ಲಿ ಅದಕ್ಕೆ ಜಾಗವಿಲ್ಲ.

ಬೆಳಗಿನ ಉಪಾಹಾರ ಎಂಬ ಉಚಿತ ವಸ್ತು

‘ಉಪಾಹಾರ ಸೇರಿದೆ’ ಎಂಬ ಸಾಲು ನೋಡಿದ ಕೂಡಲೇ ಕೋಣೆ ಅಗ್ಗವೆನಿಸುತ್ತದೆ. ಹಂಪಿಯಲ್ಲಿ ಇದು ದಿನದ ಅತ್ಯುತ್ತಮ ಭಾಗವನ್ನು ನುಂಗುತ್ತದೆ. ಹೋಟೆಲಿನ ಊಟದ ಕೋಣೆ ತೆರೆಯುವುದು ಏಳೂವರೆ ಎಂಟಕ್ಕೆ. ನಾಲ್ಕು ಜನ ಸ್ನಾನ ಮಾಡಿ, ಇಡ್ಲಿ, ಪೂರಿ, ಕಾಫಿ ಮುಗಿಸಿ ಹೊರಬೀಳುವಾಗ ಒಂಬತ್ತೂವರೆ. ಎಳೆಬಿಸಿಲು ಹೋಯಿತು, ಬಸ್ಸುಗಳಲ್ಲಿ ಬಂದ ಶಾಲಾ ಮಕ್ಕಳ ತಂಡಗಳು ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ನೆರೆದಾಯಿತು.

ಕೋಣೆ ಕಾಯ್ದಿರಿಸುವಾಗಲೇ ಎರಡು ಮಾತು ಕೇಳಿ. ಉಪಾಹಾರ ಬಿಟ್ಟರೆ ದರ ಎಷ್ಟು ಇಳಿಯುತ್ತದೆ? ಇಳಿಯುವುದಿಲ್ಲವಾದರೆ ಬೆಳಿಗ್ಗೆ ಐದೂವರೆಗೆ ಕಟ್ಟಿಕೊಡುತ್ತಾರೆಯೇ, ಅಥವಾ ಹತ್ತರವರೆಗೆ ಇಟ್ಟಿರುತ್ತಾರೆಯೇ? ಮೂರು ಹೊತ್ತಿನ ಊಟ ಸೇರಿದ ಯೋಜನೆಯನ್ನಂತೂ ತೆಗೆದುಕೊಳ್ಳಬೇಡಿ. ಆ ಊಟ ದೆಹಲಿಯಲ್ಲೂ ಮುಂಬಯಿಯಲ್ಲೂ ಸಿಗುವ ಅದೇ ಪನೀರಿನ ಗ್ರೇವಿ. ಹೊರಗೆ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಸಿಗುವಾಗ, ಅದೂ ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಸಿಗುವಾಗ, ರೆಸಾರ್ಟಿನ ಊಟಕ್ಕೆ ಕಟ್ಟಿಹಾಕಿಕೊಳ್ಳುವುದು ಎರಡು ಬಗೆಯ ನಷ್ಟ. ಸಂಜೆಗೆ ಮಿರ್ಚಿ, ಒಗ್ಗರಣೆ ಮಂಡಕ್ಕಿ ಇದ್ದೇ ಇದೆ. ಊಟ ಈ ಪ್ರವಾಸದಲ್ಲಿ ಉಳಿತಾಯವೂ ಆಗುವ, ನೆನಪೂ ಆಗುವ ಒಂದು ಬಾಬತ್ತು. ತಲೆಗೆ ದಿನಕ್ಕೆ 400 ಹಿಡಿದರೆ ಧಾರಾಳ.

ಮಾರ್ಗದರ್ಶಿ ಬೇಕೇ?

ಬೇಕು. ಇಡೀ ಬಜೆಟ್ಟಿನಲ್ಲಿ ನಾನು ಕೊನೆಯವರೆಗೂ ಬಿಟ್ಟುಕೊಡದ ಬಾಬತ್ತು ಇದೇ.

ಯಾಕೆಂದು ಒಂದೇ ಜಾಗ ಇಟ್ಟುಕೊಂಡು ಹೇಳುತ್ತೇನೆ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಎದುರು ಫೋಟೊ ತೆಗೆಸಿಕೊಳ್ಳದವರಿಲ್ಲ. ಮುಂದೆ ಎರಡು ಆನೆಗಳು ರಥ ಎಳೆಯುತ್ತಿರುವಂತೆ ನಿಂತಿವೆ. ಬಲ್ಲವರು ಜೊತೆಗಿದ್ದರೆ ನಿಮ್ಮನ್ನು ಪಕ್ಕಕ್ಕೆ ಕರೆದು ಆನೆಯ ಹಿಂದೆ ಬಗ್ಗಿ ನೋಡಲು ಹೇಳುತ್ತಾರೆ. ಅಲ್ಲಿ ಕುದುರೆಯ ಹಿಂಗಾಲು ಮತ್ತು ಬಾಲ ಕಾಣುತ್ತವೆ. ಮೊದಲು ಇದ್ದದ್ದು ಕುದುರೆಗಳು, ಆನೆಗಳನ್ನು ಆಮೇಲೆ ಎಲ್ಲಿಂದಲೋ ತಂದು ಅಲ್ಲಿ ಇಟ್ಟಿದ್ದಾರೆ. ರಥವೆಂದು ನಾವು ಕರೆಯುವುದು ಗರುಡನ ಗುಡಿ. ಅದರ ಮೇಲೆ ಇಟ್ಟಿಗೆಯ ಗೋಪುರವೂ ಇತ್ತು, ಹಳೆಯ ಛಾಯಾಚಿತ್ರಗಳಲ್ಲಿ ಕಾಣುತ್ತದೆ. 12 ವರ್ಷದ ಹುಡುಗಿಗೆ ಆ ಕುದುರೆಯ ಬಾಲ ತೋರಿಸಿದ ಮೇಲೆ ಅವಳು ಉಳಿದ ದೇವಸ್ಥಾನಗಳಲ್ಲಿ ತಾನೇ ಹುಡುಕತೊಡಗುತ್ತಾಳೆ. ಹಜಾರರಾಮ ದೇವಸ್ಥಾನದ ಗೋಡೆಯ ಮೇಲಿನ ರಾಮಾಯಣವನ್ನು ಯಾವ ಮೂಲೆಯಿಂದ, ಯಾವ ಸಾಲಿನಿಂದ ಓದುತ್ತಾ ಬರಬೇಕೆಂದು ತೋರಿಸಿದರೆ ಅಜ್ಜಿಗೆ ಅಲ್ಲೇ ಒಂದು ತಾಸು ಸಾಲದು. ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿಯ ಕಲ್ಲುಗಳ ಮೇಲೆ ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂದು ಕೆತ್ತಿದ ಗುರುತುಗಳಿವೆ. ಯಾರೂ ತೋರಿಸದಿದ್ದರೆ ಅವು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಇಡೀ ದಿನಕ್ಕೆ ಅಧಿಕೃತ ಮಾರ್ಗದರ್ಶಿಗೆ 3,000 ಇಟ್ಟುಕೊಳ್ಳಿ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 750, ಅಂದರೆ ಒಂದು ಪಿಜ್ಜಾದ ಬೆಲೆ. ಆದರೆ ಮೂರು ಷರತ್ತು ಮೊದಲೇ ಮಾತಾಡಿ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರಬೇಕು. ದಿನವನ್ನು ಬೆಳಿಗ್ಗೆ ಮತ್ತು ಸಂಜೆ ಎಂದು ಎರಡು ಭಾಗ ಮಾಡಬೇಕು, ಮಧ್ಯಾಹ್ನ ಬಿಡುವು. ಅಂಗಡಿಗಳಿಗೆ ಕರೆದುಕೊಂಡು ಹೋಗಬಾರದು. ಎರಡನೆಯದಕ್ಕೆ ‘ಇಲ್ಲ ಸಾರ್, ಒಂದೇ ಸಮ ಮುಗಿಸಿಬಿಡೋಣ’ ಎನ್ನುವವರನ್ನು ಬಿಡಿ. ಅವರಿಗೆ ಮಧ್ಯಾಹ್ನ ಇನ್ನೊಂದು ಗಿರಾಕಿ ಕಾದಿರಬಹುದು. ಆಟೊ ಚಾಲಕರು ‘ನಾನೇ ಎಲ್ಲ ಹೇಳುತ್ತೇನೆ’ ಎಂದು ಪ್ರೀತಿಯಿಂದಲೇ ಮುಂದಾಗುತ್ತಾರೆ. ಅವರಿಗೆ ದಾರಿ, ಹೊತ್ತು, ಜನಜಂಗುಳಿ ಎಲ್ಲ ಚೆನ್ನಾಗಿ ಗೊತ್ತು, ಆ ಸಲಹೆ ಕೇಳಿ. ಶಿಲ್ಪದ ವಿವರಕ್ಕೆ ಮಾತ್ರ ಬೇರೆಯವರನ್ನು ಹಿಡಿಯಿರಿ.

ಒಂದೇ ದಿನಕ್ಕೆ ಮಾರ್ಗದರ್ಶಿ ಸಾಕು. ಮೊದಲ ದಿನ ನೀವೇ ವಿರೂಪಾಕ್ಷ, ಹೇಮಕೂಟ, ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ, ಉಗ್ರನರಸಿಂಹ ನೋಡಿ. ಅಜ್ಜಿಗೆ ವಿರೂಪಾಕ್ಷನ ದರ್ಶನ ಅವಸರವಿಲ್ಲದೆ ಆಗಬೇಕು, ಅಲ್ಲಿ ವಿವರಣೆಕಾರರ ಅಗತ್ಯವಿಲ್ಲ. ಎರಡನೆಯ ದಿನಕ್ಕೆ ವಿಠ್ಠಲ, ಹಜಾರರಾಮ, ಅರಮನೆ ಆವರಣ, ಕಮಲಮಹಲು ಇಡಿ. ವಿಠ್ಠಲ ದೇವಸ್ಥಾನದ ಟಿಕೆಟ್ಟೇ ಅದೇ ದಿನ ಕಮಲಮಹಲು, ಆನೆಲಾಯದ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ, ಅದನ್ನು ಬಿಸಾಡಬೇಡಿ. ಶುಕ್ರವಾರ ವಸ್ತುಸಂಗ್ರಹಾಲಯ ಮುಚ್ಚಿರುತ್ತದೆ.

ರೈಲೋ, ಸ್ವಂತ ಕಾರೋ, ಬಾಡಿಗೆ ಟ್ಯಾಕ್ಸಿಯೋ

ಈ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರವಿಲ್ಲ, ಅದಕ್ಕೇ ಲೆಕ್ಕ ಬಿಡಿಸಿ ಹೇಳುತ್ತೇನೆ.

ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಹೊಸಪೇಟೆ ಮುಟ್ಟಿಸುತ್ತದೆ. ಮರಳುವಾಗ ಮತ್ತೆ ಹೊಸಪೇಟೆಗೆ ಬರುವ ಅಗತ್ಯವಿಲ್ಲ. ಬಾದಾಮಿಯಿಂದಲೇ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹಿಡಿದು ರಾತ್ರಿಯಿಡೀ ಪ್ರಯಾಣಿಸಿ ಬೆಂಗಳೂರಿಗೆ ಬರಬಹುದು. ಒಂದು ಊರಿಗೆ ಹೋಗಿ ಇನ್ನೊಂದು ಊರಿನಿಂದ ಮರಳುವ ಈ ಏರ್ಪಾಡಿನಿಂದ ಸುಮಾರು 140 ಕಿ.ಮೀ. ಹಿಂದಿರುಗುವ ದಾರಿಯೂ ಒಂದು ಹಗಲೂ ಉಳಿಯುತ್ತವೆ. ಮೂರನೇ ದರ್ಜೆ ಎ.ಸಿ.ಯಲ್ಲಿ ತಲೆಗೆ 800ರಂತೆ ನಾಲ್ಕು ಜನರ ಹೋಗಿ ಬರುವ ಖರ್ಚು 6,400. ಮಗಳಿಗೆ 12 ತುಂಬಿರುವುದರಿಂದ ಪೂರ್ತಿ ದರ. ಇದಕ್ಕೆ ಹಂಪಿಯಲ್ಲಿ ಎರಡು ದಿನದ ಆಟೊ 3,000, ಕಮಲಾಪುರದಿಂದ ಐಹೊಳೆ, ಪಟ್ಟದಕಲ್ಲಿನ ಮೇಲೆ ಬಾದಾಮಿಗೆ ಒಂದು ದಿನದ ಟ್ಯಾಕ್ಸಿ 5,000, ಬಾದಾಮಿಯಲ್ಲಿ ಆಟೊ 800 ಸೇರಿಸಿದರೆ ಒಟ್ಟು 15,200.

ಸ್ವಂತ ಕಾರಾದರೆ ಇಡೀ ಸುತ್ತು ಸುಮಾರು 1,000 ಕಿ.ಮೀ. ಪೆಟ್ರೋಲು, ಟೋಲು ಸೇರಿ 8,000 ಎನ್ನಿ. ಮೇಲ್ನೋಟಕ್ಕೆ ಅರ್ಧ ಖರ್ಚು. ಆದರೆ ರೈಲಿನಲ್ಲಿ ರಾತ್ರಿ ಕಳೆಯುತ್ತದೆ, ಕಾರಿನಲ್ಲಿ ಹಗಲು ಕಳೆಯುತ್ತದೆ. ಬೆಂಗಳೂರಿನಿಂದ ಹೊಸಪೇಟೆಗೆ ಸುಮಾರು 340 ಕಿ.ಮೀ., ತಿಂಡಿ ಊಟಕ್ಕೆ ನಿಂತರೆ ಏಳು ತಾಸು. ಅದೇ ಎರಡು ದಿನ ನೋಡಬೇಕಾದರೆ ಕಮಲಾಪುರದಲ್ಲಿ ಇನ್ನೊಂದು ರಾತ್ರಿ, ಅಂದರೆ ಇನ್ನೊಂದು 6,000. ಅಲ್ಲಿಗೆ 14,000 ಆಯಿತು. ಉಳಿಯುವ 1,200 ರೂಪಾಯಿಗಾಗಿ ಮನೆಯ ಒಬ್ಬರು ಪ್ರವಾಸದುದ್ದಕ್ಕೂ ಚಾಲಕರಾಗಿರಬೇಕು, ಕೊನೆಯ ದಿನ ಬಾದಾಮಿಯಿಂದ 450 ಕಿ.ಮೀ. ಓಡಿಸಬೇಕು. ನನ್ನ ಆಯ್ಕೆ ರೈಲು. ಮೂರು ವರ್ಷದ ಕೂಸಿದ್ದರೆ, ಅಥವಾ ಹುಬ್ಬಳ್ಳಿ, ದಾವಣಗೆರೆಯಂಥ ಹತ್ತಿರದ ಊರಿನಿಂದ ಹೊರಡುವವರಾದರೆ ಕಾರೇ ಸರಿ.

ಬೆಂಗಳೂರಿನಿಂದಲೇ ಬಾಡಿಗೆ ಟ್ಯಾಕ್ಸಿ ಮಾಡಿಕೊಂಡರೆ ಕಿಲೋಮೀಟರಿಗೆ 14ರಂತೆ 14,000, ಚಾಲಕರ ದಿನಭತ್ಯೆ, ಟೋಲು, ಮೇಲೆ ಆ ಹೆಚ್ಚಿನ ರಾತ್ರಿ. ಮೂರರಲ್ಲಿ ಅತ್ಯಂತ ದುಬಾರಿ ಇದು, ಹಂಪಿಯೊಳಗೆ ಆ ವಾಹನದಿಂದ ವಿಶೇಷ ಲಾಭವೂ ಇಲ್ಲ. ವಿಠ್ಠಲ ದೇವಸ್ಥಾನದ ಬಾಗಿಲಿಗೆ ಯಾವ ಕಾರೂ ಹೋಗುವುದಿಲ್ಲ. ದೂರದಲ್ಲೇ ನಿಲ್ಲಿಸಿ, ಅಲ್ಲಿಯ ವಿದ್ಯುತ್ ವಾಹನದಲ್ಲಿ ಕುಳಿತು ಹೋಗಬೇಕು. ನಡೆಯಬಲ್ಲವರು ಹಂಪಿ ಬಜಾರಿನ ತುದಿಯಿಂದ ಹೊಳೆದಂಡೆಯ ಹಾದಿ ಹಿಡಿದರೆ ಕೋದಂಡರಾಮ, ಅಚ್ಯುತರಾಯ ದೇವಸ್ಥಾನದ ದಾರಿ, ತುಲಾಭಾರದ ಕಲ್ಲುಕಮಾನು ನೋಡುತ್ತಾ ಅದೇ ಜಾಗಕ್ಕೆ ಬರಬಹುದು. ಮಗಳು ಮತ್ತು ಒಬ್ಬರು ನಡೆದು ಬರಲಿ, ಅಜ್ಜಿಯ ಜೊತೆ ಇನ್ನೊಬ್ಬರು ವಾಹನದಲ್ಲಿ ಬರಲಿ.

ಇಬ್ಬರೇ ಹೋಗುವವರಿಗೆ ಇನ್ನೂ ಅಗ್ಗದ ದಾರಿಯಿದೆ. ಹೊಸಪೇಟೆಯಿಂದ ಹಂಪಿಗೆ ಸಾರಿಗೆ ಬಸ್ಸುಗಳು ಓಡುತ್ತಲೇ ಇರುತ್ತವೆ. ಶಕ್ತಿ ಯೋಜನೆಯಿಂದಾಗಿ ರಾಜ್ಯದ ಮಹಿಳೆಯರಿಗೆ ಅದರಲ್ಲಿ ಟಿಕೆಟ್ ಇಲ್ಲ, ವಿಳಾಸವಿರುವ ಗುರುತಿನ ಚೀಟಿ ಇದ್ದರಾಯಿತು. ಊರೊಳಗೆ ಬಾಡಿಗೆ ಸೈಕಲ್ ಸಿಗುತ್ತದೆ.

ಬೆಳಿಗ್ಗೆ ರೈಲಿಳಿದಾಗ ಒಂದು ತೊಡಕು ಎದುರಾಗುತ್ತದೆ. ಏಳರ ಸುಮಾರಿಗೆ ನೀವು ಹೊಸಪೇಟೆಯಲ್ಲಿರುತ್ತೀರಿ, ಕೋಣೆ ಸಿಗುವುದು ಹನ್ನೆರಡಕ್ಕೆ. ಹರೆಯದವರಾದರೆ ಚೀಲಗಳನ್ನು ಹೋಟೆಲಿನಲ್ಲಿಟ್ಟು, ಮುಖ ತೊಳೆದು ಹೊರಟುಬಿಡಬಹುದು. ಅಜ್ಜಿಯಿದ್ದಾಗ ಒಂದು ಕೋಣೆಯನ್ನಾದರೂ ಬೆಳಿಗ್ಗೆಯೇ ತೆಗೆಸಿಕೊಡಲು ಕೇಳಿ, ಅದಕ್ಕೆ ಸಾವಿರ ರೂಪಾಯಿ ಕೇಳಿದರೂ ಕೊಡಿ. ಸ್ನಾನ ಮಾಡಿ, ಒಂದು ತಾಸು ಮಲಗಿ ಎದ್ದ ಅಜ್ಜಿ ಸಂಜೆ ಹೇಮಕೂಟಕ್ಕೆ ಬರುತ್ತಾರೆ, ಇಲ್ಲದಿದ್ದರೆ ಬರುವುದಿಲ್ಲ.

ಬಾದಾಮಿಯನ್ನು ಸೇರಿಸಬೇಕೇ, ಬಿಡಬೇಕೇ

ಹಂಪಿಯಲ್ಲಿ ಉಳಿದು ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಒಂದೇ ದಿನದಲ್ಲಿ ನೋಡಿ ಮರಳುವ ಟ್ಯಾಕ್ಸಿ ಯೋಜನೆಗಳು ಬಹಳ. ಹೋಗಿ ಬರಲು 300 ಕಿ.ಮೀ. ಮೀರುತ್ತದೆ, ಕಾರಿನಲ್ಲೇ ಆರೇಳು ತಾಸು. ಬಾದಾಮಿಗೆ ಬರುವಾಗ ನಡುಮಧ್ಯಾಹ್ನ, ಗುಹೆಗಳಿಗೆ ಹತ್ತುವ ಮೆಟ್ಟಿಲು ಕಾದ ಕಾವಲಿ. ಇದಕ್ಕಿಂತ ಬಾದಾಮಿಯಲ್ಲಿ ಒಂದು ರಾತ್ರಿ ಉಳಿಯುವುದು ಮೇಲು, ಅದರ ಹೆಚ್ಚುವರಿ ಖರ್ಚು 4,000 ಮಾತ್ರ.

ಬಾದಾಮಿಯ ಕೋಣೆಯಲ್ಲಿ ಉಳಿತಾಯ ಮಾಡಿ. ಸ್ವಚ್ಛವಾಗಿದ್ದು, ಬಿಸಿನೀರು ಬಂದರೆ ಸಾಕು. ಊರು ಚಿಕ್ಕದು, ಎಲ್ಲಿದ್ದರೂ ಗುಹೆಗಳು ಹತ್ತಿರವೇ. ಬೆಳಿಗ್ಗೆ ಕಮಲಾಪುರ ಬಿಟ್ಟು ಐಹೊಳೆ, ಪಟ್ಟದಕಲ್ಲು ಮುಗಿಸಿ ಬಾದಾಮಿಗೆ ಬಂದರೆ ಸಂಜೆಯ ಹೊತ್ತಿಗೆ ಅಗಸ್ತ್ಯತೀರ್ಥದ ದಂಡೆಯಲ್ಲಿರಬಹುದು. ಕೆರೆಯ ಆಚೆ ತುದಿಯ ಭೂತನಾಥ ದೇವಾಲಯದ ಮೇಲೆ, ಅದರ ಹಿಂದಿನ ಕೆಂಪು ಬಂಡೆಯ ಮೇಲೆ ಇಳಿಬಿಸಿಲು ಬೀಳುವುದು ಆಗ. ಇದಕ್ಕೂ ಟಿಕೆಟ್ ಇಲ್ಲ. ಮರುದಿನ ಬೆಳಿಗ್ಗೆ ಗುಹೆಗಳಿಗೆ ಅರ್ಧ ದಿನದ ಮಾರ್ಗದರ್ಶಿ, 1,500. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನವಿದೆ. ಅಲ್ಲಿಯ ಕಂಬಗಳ ಮೇಲ್ಭಾಗದ ಜೋಡಿ ಶಿಲ್ಪಗಳನ್ನು ಕತ್ತೆತ್ತಿ ನಿಧಾನವಾಗಿ ನೋಡಿ. ಮೆಟ್ಟಿಲು ಹತ್ತಲಾಗದಿದ್ದರೆ ಅಜ್ಜಿ ಮೊದಲ ಗುಹೆಯಲ್ಲಿ ಕುಳಿತಿರಬಹುದು, ಹದಿನೆಂಟು ಕೈಯ ನಟರಾಜ ಇರುವುದು ಅಲ್ಲೇ. ಬಾದಾಮಿ ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರ, ಸಂಜೆಯ ಆಟೊವನ್ನು ಮಧ್ಯಾಹ್ನವೇ ಮಾತಾಡಿಡಿ.

ಈಗ ಪೂರ್ತಿ ಲೆಕ್ಕ:

| ಬಾಬತ್ತು | ರೂಪಾಯಿ |
|---|---|
| ರೈಲು, ನಾಲ್ವರಿಗೆ, ಎರಡೂ ಕಡೆ | 6,400 |
| ಕಮಲಾಪುರ, ಎರಡು ಕೋಣೆ, ಎರಡು ರಾತ್ರಿ | 12,000 |
| ಬಾದಾಮಿ, ಎರಡು ಕೋಣೆ, ಒಂದು ರಾತ್ರಿ | 4,000 |
| ಹಂಪಿಯ ಆಟೊ, ಎರಡು ದಿನ | 3,000 |
| ಐಹೊಳೆ–ಪಟ್ಟದಕಲ್ಲು–ಬಾದಾಮಿ ಟ್ಯಾಕ್ಸಿ | 5,000 |
| ಬಾದಾಮಿಯ ಆಟೊ | 800 |
| ಮಾರ್ಗದರ್ಶಿ, ಎರಡೂ ಊರಿಗೆ | 4,500 |
| ಊಟ, ತಿಂಡಿ, ನಾಲ್ಕು ದಿನ | 6,400 |
| ಟಿಕೆಟ್, ವಿದ್ಯುತ್ ವಾಹನ ಇತ್ಯಾದಿ | 600 |
| ಒಟ್ಟು | 42,700 |

ಮಿಕ್ಕ 2,300ರಲ್ಲಿ ಬೆಳಗಿನ ಕೋಣೆಗೆ ಸಾವಿರ ತೆಗೆದಿಡಿ, ಉಳಿದದ್ದು ಮಗಳ ತೆಪ್ಪದ ಸವಾರಿಗೆ. ತೆಪ್ಪ ಹತ್ತುವ ಮೊದಲೇ ದರ ಮತ್ತು ಹೊತ್ತು ಎರಡನ್ನೂ ಮಾತಾಡಿ, ಜೀವರಕ್ಷಕ ಜಾಕೆಟ್ ಇಲ್ಲದೆ ಕೂರಬೇಡಿ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ತೆಪ್ಪ ಇಳಿಸುವುದಿಲ್ಲ. ಯಾರಾದರೂ ಇಳಿಸುತ್ತೇನೆಂದರೂ ಹೋಗಬೇಡಿ.

ಹಣ ಸಾಲದಿದ್ದರೆ ಮೊದಲು ಕತ್ತರಿಸುವುದು ಯಾವುದನ್ನು?

ಬಜೆಟ್ 30,000ಕ್ಕೆ ಇಳಿಯಿತು ಎನ್ನಿ. ಸಾಮಾನ್ಯವಾಗಿ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾರೆ: ಕಮಲಾಪುರ ಬಿಟ್ಟು ಹೊಸಪೇಟೆ, ಮಾರ್ಗದರ್ಶಿ ಬೇಡ, ಬಾದಾಮಿಗೆ ಒಂದೇ ದಿನದಲ್ಲಿ ಹೋಗಿ ಬರುವುದು. ಹಾಗೆ ಮಾಡಿದರೆ ಎರಡೂ ಊರು ಕಣ್ಣಿಗೆ ಬೀಳುತ್ತವೆ, ಯಾವುದೂ ದಕ್ಕುವುದಿಲ್ಲ. ನಾನು ಬಾದಾಮಿಯನ್ನು ಪೂರ್ತಿ ಬಿಟ್ಟುಬಿಡುತ್ತೇನೆ. ಟ್ಯಾಕ್ಸಿ, ಬಾದಾಮಿಯ ಕೋಣೆ, ಅಲ್ಲಿಯ ಮಾರ್ಗದರ್ಶಿ, ಆಟೊ, ಒಂದು ದಿನದ ಊಟ ಎಲ್ಲ ಸೇರಿ 13,000ದಷ್ಟು ಕಡಿಮೆಯಾಗುತ್ತದೆ. ಮೂರನೆಯ ದಿನ ಬೆಳಿಗ್ಗೆ ಮತ್ತೊಮ್ಮೆ ಅರ್ಧ ದಿನದ ಆಟೊ ಹಿಡಿದು, ಸಂಜೆಯ ಮೇಲೆ ಹೊಸಪೇಟೆಯಿಂದ ರೈಲು ಹತ್ತಿದರೆ ಒಟ್ಟು ಖರ್ಚು 30,000ದ ಆಸುಪಾಸಿಗೆ ನಿಲ್ಲುತ್ತದೆ. ಹಂಪಿ ಪೂರ್ತಿಯಾಗಿ ಉಳಿಯುತ್ತದೆ, ಬಾದಾಮಿ ಇನ್ನೊಂದು ವರ್ಷಕ್ಕೆ. ಅದಕ್ಕಿಂತಲೂ ಕಡಿಮೆ ಮಾಡಬೇಕಾದರೆ ಎರಡು ಕೋಣೆಯ ಬದಲು ನಾಲ್ಕು ಹಾಸಿಗೆಯ ಒಂದೇ ಕುಟುಂಬ ಕೋಣೆ ಕೇಳಿ. ರೈಲಿನಲ್ಲಿ ಎ.ಸಿ. ಬಿಟ್ಟು ಸ್ಲೀಪರ್ ಹಿಡಿಯುವುದು ಕೊನೆಯ ಉಪಾಯ. ಡಿಸೆಂಬರಿನ ರಾತ್ರಿಗೆ ಅದೂ ಸಹ್ಯವೇ.

ಏನನ್ನೂ ಕತ್ತರಿಸದೆ ಹಣ ಉಳಿಸುವ ದಾರಿಯೊಂದಿದೆ: ದಿನ ಬದಲಿಸುವುದು. ಶುಕ್ರವಾರ, ಶನಿವಾರದ ರಾತ್ರಿಗಳಿಗೆ ಕಮಲಾಪುರದ ಕೋಣೆಗಳ ದರ ಏರುತ್ತದೆ, ಡಿಸೆಂಬರಿನ ಕೊನೆಯ ವಾರದಲ್ಲಂತೂ ಹೇಳುವುದೇ ಬೇಡ. ಶನಿವಾರ ರಾತ್ರಿ ಬೆಂಗಳೂರು ಬಿಟ್ಟು ಭಾನುವಾರ, ಸೋಮವಾರ ಹಂಪಿಯಲ್ಲಿ, ಮಂಗಳವಾರ ಬಾದಾಮಿಯಲ್ಲಿ ಉಳಿದು ಗುರುವಾರ ಬೆಳಿಗ್ಗೆ ಮನೆಗೆ ಬಂದರೆ ಮೂರೂ ರಾತ್ರಿಗಳು ವಾರದ ಅಗ್ಗದ ರಾತ್ರಿಗಳು. ಭಾನುವಾರದ ಜನಸಂದಣಿಯ ದಿನ ವಿರೂಪಾಕ್ಷಕ್ಕೆ, ಜನ ಖಾಲಿಯಾದ ಸೋಮವಾರ ವಿಠ್ಠಲಕ್ಕೆ ಹೊಂದುತ್ತದೆ. ವಸ್ತುಸಂಗ್ರಹಾಲಯದ ಶುಕ್ರವಾರದ ರಜೆಯೂ ಅಡ್ಡ ಬರುವುದಿಲ್ಲ. ಹಂಪಿ ಉತ್ಸವದ ದಿನಾಂಕವನ್ನು ಮಾತ್ರ ನೋಡಿಕೊಳ್ಳಿ. ಉತ್ಸವಕ್ಕೆಂದೇ ಹೋಗುವವರಲ್ಲದಿದ್ದರೆ ಆ ವಾರ ಬೇಡ.

ಸಿದ್ಧ ಪ್ಯಾಕೇಜ್ ತೆಗೆದುಕೊಳ್ಳುವ ಮನಸ್ಸಿದ್ದರೆ, ದರ ಕೇಳುವ ಮೊದಲು ಯಾವ ಜಾಗದಲ್ಲಿ ಎಷ್ಟು ಗಂಟೆಗೆ ಇರುತ್ತೇವೆ ಎಂಬ ಪಟ್ಟಿ ಕೇಳಿ. ವಿಠ್ಠಲ ದೇವಸ್ಥಾನಕ್ಕೆ ಹನ್ನೆರಡು, ಬಾದಾಮಿ ಗುಹೆಗಳಿಗೆ ಎರಡು ಗಂಟೆ ಎಂದು ಬರೆದಿದ್ದರೆ ಅದು ಎಷ್ಟು ಅಗ್ಗವಾದರೂ ಬೇಡ. ಹೊತ್ತು ಬರೆದೇ ಇಲ್ಲದಿದ್ದರೂ ಬೇಡ.

ಕಾಯ್ದಿರಿಸುವ ಕ್ರಮವೂ ಮುಖ್ಯ. ರೈಲ್ವೆ ಟಿಕೆಟ್ ತೆರೆಯುವುದು 60 ದಿನ ಮೊದಲು. ದಿನಾಂಕ ಗೊತ್ತಾದ ಕೂಡಲೇ ಬಾದಾಮಿಯಿಂದ ಮರಳುವ ಟಿಕೆಟ್ಟನ್ನು ಮೊದಲು ನೋಡಿ, ಅಜ್ಜಿಗೆ ಕೆಳಗಿನ ಬರ್ತ್ ಕೇಳಿ. ಅದು ಸಿಕ್ಕ ಮೇಲೆ ಹೋಗುವ ಟಿಕೆಟ್, ಆಮೇಲೆ ರದ್ದು ಮಾಡಬಹುದಾದ ದರದಲ್ಲಿ ಕಮಲಾಪುರದ ಕೋಣೆ. ಮಾರ್ಗದರ್ಶಿಯನ್ನು ಹೊರಡುವ ವಾರಕ್ಕೆ ಮೊದಲು ಗೊತ್ತು ಮಾಡಿದರೆ ಸಾಕು. ಬಾದಾಮಿಯ ಕೋಣೆ, ಟ್ಯಾಕ್ಸಿ ಎರಡನ್ನೂ ಕಮಲಾಪುರದಲ್ಲಿದ್ದುಕೊಂಡೇ ಮಾತಾಡಬಹುದು.